ಹನ್ನೊಂದು ಗಂಟೆಗೆ ಏನು?

ನಮ್ಮ ವಾಣಿಜ್ಯ ಸಂಘದ ಮೊದಲ ಕಾರ್ಯಕ್ರಮ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅಂಗಡಿ ಲೆಕ್ಕದಲ್ಲಿ ತಪ್ಪು ಎಲ್ಲಿ ಅಡಗಿರುತ್ತದೆ ಎಂದು ತೋರಿಸಲು ಬೆಂಗಳೂರಿನಿಂದ ಒಬ್ಬ ಲೆಕ್ಕಪರಿಶೋಧಕರು ಬಂದಿದ್ದರು. ಒಂದು ಗಂಟೆಗೆ ಆಗುವಷ್ಟು ವಿಷಯ ಸಿದ್ಧಮಾಡಿಕೊಂಡು ಬಂದವರಿಗೆ ನಾವು ಕೊಟ್ಟಿದ್ದು 26 ನಿಮಿಷ. ತಪ್ಪು ಹುಡುಕುವ ಭಾಗ ಅವರ ಮಾತಿನ ಕೊನೆಯಲ್ಲಿತ್ತು. ಅಲ್ಲಿಗೆ ಅವರು ತಲುಪಲೇ ಇಲ್ಲ. ಜುಮ್ಮಾ ನಮಾಜಿಗೆ ಹೊತ್ತಾಗಿತ್ತು, ಹುಡುಗರು ಎದ್ದು ನಿಲ್ಲತೊಡಗಿದ್ದರು. ಅವರು ನಗುತ್ತಲೇ ಲ್ಯಾಪ್‌ಟಾಪ್ ಮುಚ್ಚಿದರು.

ಅವರಿಗೆ ಸಂದೇಶ ಕಳಿಸಿದ್ದು ನಾನು. ಅದು ಹೀಗಿತ್ತು: "ಸರ್, ಶುಕ್ರವಾರ 11 ಗಂಟೆಗೆ ನಮ್ಮ ಕಾಲೇಜಿನಲ್ಲಿ ಕಾರ್ಯಕ್ರಮ. ದಯವಿಟ್ಟು ತಪ್ಪದೇ ಬನ್ನಿ." ಅವರು "ಸರಿ" ಎಂದು ಉತ್ತರಿಸಿದರು. ಎಲ್ಲ ಪಕ್ಕಾ ಆಯಿತು ಎಂದು ನಾನು ಸಂಘದ ಮೇಡಂಗೆ ಹೇಳಿಬಿಟ್ಟೆ. ಕಾರ್ಯಕ್ರಮ ಮುಗಿದ ಮೇಲೆ ಅವರನ್ನು ಬಸ್ಸಿಗೆ ಬಿಡಲು ಹೋದಾಗ ಕ್ಷಮೆ ಕೇಳಿದೆ. ಅವರು ಬೇಸರ ಮಾಡಿಕೊಳ್ಳದೆ ಒಂದೇ ಮಾತು ಹೇಳಿದರು: "ನೀವು 11 ಗಂಟೆ ಅಂದಿರಿ. 11 ಗಂಟೆಗೆ ಏನು ಅಂತ ಹೇಳಲಿಲ್ಲ."

ಆ ರಾತ್ರಿ ಕೂತು ಅಂದಿನ ಸಮಯ ಎಲ್ಲಿ ಹೋಯಿತು ಎಂದು ಲೆಕ್ಕ ಬರೆದೆ. ವಾಣಿಜ್ಯ ವಿದ್ಯಾರ್ಥಿಗೆ ಖರ್ಚು ಬರೆಯುವುದು ಅಭ್ಯಾಸವಿರುತ್ತದಲ್ಲ, ನಿಮಿಷವೂ ಒಂದು ಖರ್ಚೇ. ಸಭಾಂಗಣ ತುಂಬಿ ಕಾರ್ಯಕ್ರಮ ಶುರುವಾದದ್ದು 11:10ಕ್ಕೆ. ಕಿರಾಅತ್ 4 ನಿಮಿಷ, ನಾಡಗೀತೆ 4, ಸ್ವಾಗತ 7, ಪ್ರಾಸ್ತಾವಿಕ ಮಾತು 12, ಅತಿಥಿಗಳ ಪರಿಚಯ 6, ಶಾಲು ಹಾರ ಹಣ್ಣಿನ ಬುಟ್ಟಿ ಎಲ್ಲ ಸೇರಿ ಸನ್ಮಾನ 8. ಒಟ್ಟು 41 ನಿಮಿಷ. ಅಲ್ಲಿಗೆ 11:51. ಆಮೇಲೆ ಅವರ ಲ್ಯಾಪ್‌ಟಾಪ್ ನಮ್ಮ ಪ್ರೊಜೆಕ್ಟರಿಗೆ ಕೂಡದೆ 13 ನಿಮಿಷ ಹೋಯಿತು. 12:04ಕ್ಕೆ ಮಾತು ಶುರುವಾಗಿ 12:30ಕ್ಕೆ ನಿಂತಿತು. ಇದರಲ್ಲಿ ಅವರ ತಪ್ಪು ಒಂದು ನಿಮಿಷದ್ದೂ ಇಲ್ಲ.

ಎರಡನೇ ಕಾರ್ಯಕ್ರಮಕ್ಕೆ, ಅಂದರೆ ನವೆಂಬರ್ 20ರದ್ದಕ್ಕೆ, ಸಂದೇಶ ಬರೆಯುವ ಕೆಲಸ ಮತ್ತೆ ನನ್ನ ಪಾಲಿಗೇ ಬಂತು. ಮೇಡಂ ಕೊಟ್ಟ ಶಿಕ್ಷೆ ಅದು ಎಂದುಕೊಂಡೆ. ಆ ಸಂದೇಶವನ್ನು ಹೇಗೆ ಕಟ್ಟಿದೆ ಎಂದು ಇಲ್ಲಿ ಬರೆಯುತ್ತಿದ್ದೇನೆ. ವಿಜ್ಞಾನ ಸಂಘದವರೂ ಎನ್‌ಎಸ್‌ಎಸ್‌ನವರೂ ಅತಿಥಿಗಳನ್ನು ಕರೆಯುತ್ತಾರೆ, ಅವರಿಗೂ ಬೇಕಾಗುತ್ತದೆ.

ಮೊದಲನೆಯದು ಸಮಯ. ಕಾರ್ಯಕ್ರಮದ ಸಮಯ ಬೇರೆ, ಅತಿಥಿಯ ಕೈಗೆ ಮೈಕು ಹೋಗುವ ಸಮಯ ಬೇರೆ. ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗುವುದು ಮೊದಲನೆಯದು ಮಾತ್ರ. ಅತಿಥಿಗೆ ಮುಖ್ಯವಾಗಿ ಬೇಕಾದ್ದು ಎರಡನೆಯದು, ಏಕೆಂದರೆ ಅವರು ತಮ್ಮ ಮಾತನ್ನು ಅಳೆದುಕೊಳ್ಳುವುದು ಅದರ ಮೇಲೆ. ಸಂದೇಶದಲ್ಲಿ ಎರಡನ್ನೂ ಬರೆಯಬೇಕು, ನಡುವೆ ಏನಿರುತ್ತದೆ ಎಂಬುದನ್ನೂ ಒಂದು ಸಾಲಿನಲ್ಲಿ ಹೇಳಬೇಕು. ಆ ನಡುವಿನದನ್ನು ಊಹೆಯಿಂದ ಬರೆಯುವಂತಿಲ್ಲ. ಸ್ವಾಗತಕ್ಕೆ ಎರಡು ನಿಮಿಷ ಸಾಕು ಎಂದು ಎಲ್ಲರೂ ಹೇಳುತ್ತಾರೆ, ಮೊಬೈಲ್ ಗಡಿಯಾರ ಏಳು ತೋರಿಸುತ್ತದೆ. ನಾನು ಸ್ವಾಗತ ಮಾಡುವ ಗೆಳತಿಯನ್ನೂ ಪರಿಚಯ ಓದುವವನನ್ನೂ ಹಿಂದಿನ ವಾರವೇ ನಿಲ್ಲಿಸಿ ಓದಿಸಿ ಸಮಯ ಹಿಡಿದೆ. ಪರಿಚಯ ಒಂದೂವರೆ ಪುಟ ಇದ್ದದ್ದು ಅರ್ಧ ಪುಟಕ್ಕೆ ಇಳಿಯಿತು.

ಸನ್ಮಾನವನ್ನೂ ಅಧ್ಯಕ್ಷರ ಮಾತನ್ನೂ ಉಪನ್ಯಾಸದ ನಂತರಕ್ಕೆ ಹಾಕಬಹುದೇ ಎಂದು ಪ್ರಾಂಶುಪಾಲರನ್ನು ಕೇಳಲು ಮಾತ್ರ ನನಗೆ ಧೈರ್ಯವಿರಲಿಲ್ಲ. ಮೇಡಂ ಕೇಳಿದರು. ಪ್ರಾಂಶುಪಾಲರು ತಕ್ಷಣ ಒಪ್ಪಿದರು, ನಾವೇ ಸುಮ್ಮನೆ ಹೆದರಿದ್ದೆವು. ಹೀಗೆ ಕಿರಾಅತ್, ನಾಡಗೀತೆ, ಸ್ವಾಗತ, ಪರಿಚಯ ಎಲ್ಲ ಸೇರಿ 15 ನಿಮಿಷಕ್ಕೆ ಬಂತು. ಕಾರ್ಯಕ್ರಮ 10:40ಕ್ಕೆ, ಮೈಕು 11:00ಕ್ಕೆ. ಉಳಿದ 5 ನಿಮಿಷ ಏನೂ ಇಲ್ಲದೆ ಖಾಲಿ ಬಿಟ್ಟದ್ದು. ಮೇಲಿನ ತರಗತಿಯವರು ಮೆಟ್ಟಿಲಿಳಿದು ಬರುವುದು ಯಾವತ್ತೂ ತಡ.

ದಿನಾಂಕದ ಜೊತೆ ವಾರವನ್ನೂ ಬರೆಯುವುದು ಒಳ್ಳೆಯದು. "20 ನವೆಂಬರ್ 2025, ಗುರುವಾರ" ಎಂದು ಬರೆದರೆ ಒಂದು ತಪ್ಪಾದರೂ ಇನ್ನೊಂದು ಅದನ್ನು ಹಿಡಿದುಕೊಡುತ್ತದೆ. ನಮ್ಮ ಪುಸ್ತಕದಲ್ಲಿ ಡೆಬಿಟ್ ಒಂದು ಕಡೆ ಕ್ರೆಡಿಟ್ ಒಂದು ಕಡೆ ಇರುವಂತೆ. "ಬರುವ ಗುರುವಾರ" ಎಂದಷ್ಟೇ ಬರೆದರೆ, ಸಂದೇಶವನ್ನು ನಾಲ್ಕು ದಿನ ಬಿಟ್ಟು ಓದಿದವರಿಗೆ ಅದು ಬೇರೆ ಗುರುವಾರ ಆಗಿಬಿಡುತ್ತದೆ.

ಎರಡನೆಯದು ಅವಧಿ. "ಸುಮಾರು ಮುಕ್ಕಾಲು ಗಂಟೆ, ಒಂದು ಗಂಟೆ" ಎಂದು ಬರೆಯುವುದು ಮರ್ಯಾದೆ ಎಂದು ನಮಗೆ ಅನಿಸುತ್ತದೆ. ಅತಿಥಿಗೆ ಮಿತಿ ಹಾಕುವುದು ಹೇಗೆ ಎಂಬ ಸಂಕೋಚ. ಆದರೆ ಮಾತನಾಡುವವರ ಕಡೆಯಿಂದ ಯೋಚಿಸಿ. ಮುಕ್ಕಾಲು ಗಂಟೆಗೆ ಎಷ್ಟು ಉದಾಹರಣೆ ತರಬೇಕು, ಒಂದು ಗಂಟೆಗೆ ಎಷ್ಟು ಎಂಬುದು ಬೇರೆ ಬೇರೆ. ಮುಖ್ಯ ವಿಷಯವನ್ನು ಕೊನೆಗೆ ಇಟ್ಟುಕೊಂಡವರಿಗಂತೂ ಆ 15 ನಿಮಿಷವೇ ಇಡೀ ಉಪನ್ಯಾಸ. ಹಾಗಾಗಿ ಒಂದೇ ಅಂಕಿ ಬರೆಯಬೇಕು. ಪ್ರಶ್ನೋತ್ತರ ಅದರೊಳಗೆ ಸೇರಿದೆಯೋ ಹೊರಗಿದೆಯೋ ಎಂಬುದನ್ನೂ ಬರೆಯಬೇಕು. ಇದನ್ನು ಬಿಟ್ಟರೆ ಅವರು 55 ನಿಮಿಷವೂ ಮಾತಾಡಿ, ನಮ್ಮವರು ಪ್ರಶ್ನೆ ಬರೆದುಕೊಂಡ ಚೀಟಿ ಜೇಬಿನಲ್ಲೇ ಉಳಿಯುತ್ತದೆ.

ನಾನು ಬರೆದದ್ದು: ಉಪನ್ಯಾಸ 40 ನಿಮಿಷ, ಪ್ರಶ್ನೋತ್ತರ 15 ನಿಮಿಷ, 11:55ಕ್ಕೆ ಮುಕ್ತಾಯ. ಅದಕ್ಕಿಂತ ಮುಂದಕ್ಕೆ ಏಕೆ ಹೋಗಲಾಗುವುದಿಲ್ಲ ಎಂಬ ಕಾರಣವನ್ನೂ ಸೇರಿಸಿದೆ: ಸನ್ಮಾನ ವಂದನಾರ್ಪಣೆ ಮುಗಿದು 12:10ಕ್ಕೆ ಸಭಾಂಗಣವನ್ನು ಪ್ರೌಢಶಾಲೆಯವರಿಗೆ ಬಿಟ್ಟುಕೊಡಬೇಕು. ಕಾರಣ ಗೊತ್ತಿದ್ದರೆ ಮಿತಿ ಅವಮಾನ ಎನಿಸುವುದಿಲ್ಲ. ಹತ್ತು ನಿಮಿಷ ಉಳಿದಾಗ ಮೊದಲ ಸಾಲಿನಿಂದ ಒಬ್ಬರು ಹಳದಿ ಕಾಗದ ಎತ್ತುತ್ತಾರೆ ಎಂದೂ ತಿಳಿಸಿದೆ. ಹಿಂದಿನ ಸಲ ವೇದಿಕೆಯ ಮೇಲೆ ಹೋಗಿ ಅತಿಥಿಯ ಕಿವಿಯಲ್ಲಿ ಪಿಸುಗುಟ್ಟಿದ್ದೆ. ಮೈಕು ಅದನ್ನೂ ಹೊರಗೆ ಹಾಕಿತ್ತು.

ಮೂರನೆಯದು ತಾಂತ್ರಿಕ ಪರೀಕ್ಷೆ. ನಾನು ಹೆಚ್ಚು ಕಲಿತದ್ದು ಇಲ್ಲೇ, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲ ಸಲ ಆದದ್ದು ಇದು. ನಮ್ಮ ಸಭಾಂಗಣದ ಪ್ರೊಜೆಕ್ಟರ್ ಹಳೆಯದು. ಗೋಡೆಯೊಳಗಿಂದ ಬಂದಿರುವ ಕೇಬಲ್ಲಿನ ತುದಿ ವಿಜಿಎ: ನೀಲಿ ಬಣ್ಣದ್ದು, ಮೂರು ಸಾಲಿನಲ್ಲಿ 15 ಪಿನ್ನುಗಳು, ಪಕ್ಕದಲ್ಲಿ ಎರಡು ತಿರುಪು. ಅತಿಥಿಗಳ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಎಚ್‌ಡಿಎಂಐ ಕಿಂಡಿ. ಒಂದಕ್ಕೊಂದು ಕೂಡಲು ನಡುವೆ ಅಡಾಪ್ಟರ್ ಬೇಕು. ನಮ್ಮಲ್ಲಿ ಇರಲಿಲ್ಲ. ಪೆನ್‌ಡ್ರೈವಿನಲ್ಲಿ ಫೈಲು ತೆಗೆದು ಕಾಲೇಜಿನ ಕಂಪ್ಯೂಟರಿಗೆ ಹಾಕಿದೆವು. ಆಗ ಎರಡು ಹೊಸ ತೊಂದರೆ ಎದ್ದವು. ಅವರ ಕನ್ನಡ ಸಾಲುಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬಂದವು, ಮತ್ತು ಸ್ಲೈಡಿನೊಳಗಿದ್ದ ವಿಡಿಯೋ ಓಡಲಿಲ್ಲ.

ಏಕೆ ಹೀಗಾಯಿತು ಎಂದು ಕಂಪ್ಯೂಟರ್ ಲ್ಯಾಬಿನ ಅಣ್ಣ ಆಮೇಲೆ ವಿವರಿಸಿದರು. ಹಳೆಯ ಬಗೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪು ಮಾಡಿದಾಗ ಫೈಲಿನೊಳಗೆ ನಿಜವಾಗಿ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಅವುಗಳಿಗೆ ಕನ್ನಡದ ರೂಪ ಕೊಡುವುದು ಆ ಫಾಂಟು. ಬೇರೆ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲದಿದ್ದರೆ ವೇಷ ಕಳಚಿ ಒಳಗಿನದು ಕಾಣುತ್ತದೆ. ಯೂನಿಕೋಡಿನಲ್ಲಿ ಟೈಪು ಮಾಡಿದ್ದರೆ ಈ ತೊಂದರೆ ಇಲ್ಲ, ಅಲ್ಲಿ ಕನ್ನಡ ಅಕ್ಷರಕ್ಕೆ ಅದರದ್ದೇ ಸಂಕೇತ ಇರುತ್ತದೆ. ಇಲ್ಲವೇ ಸ್ಲೈಡುಗಳ ಪಿಡಿಎಫ್ ಪ್ರತಿ ಮಾಡಿಟ್ಟುಕೊಂಡರೆ ಸಾಮಾನ್ಯವಾಗಿ ಫಾಂಟೂ ಅದರೊಳಗೇ ಬರುತ್ತದೆ. ವಿಡಿಯೋದ್ದು ಇನ್ನೊಂದು ಕಥೆ. ವಿಡಿಯೋವನ್ನು ಸ್ಲೈಡಿನೊಳಗೆ ಸೇರಿಸಬಹುದು, ಅಥವಾ ಕೊಂಡಿ ಮಾತ್ರ ಇಟ್ಟು ವಿಡಿಯೋ ಫೈಲನ್ನು ಬೇರೆ ಕಡೆ ಬಿಡಬಹುದು. ಅವರದು ಎರಡನೆಯ ಬಗೆ. ನಾವು ತೆಗೆದುಕೊಂಡದ್ದು ಸ್ಲೈಡಿನ ಫೈಲು ಮಾತ್ರ, ವಿಡಿಯೋ ಅವರ ಲ್ಯಾಪ್‌ಟಾಪಿನಲ್ಲೇ ಉಳಿಯಿತು.

ಅಡಾಪ್ಟರ್ ಇದ್ದಿದ್ದರೂ ಇನ್ನೊಂದು ಕೊರತೆ ಉಳಿಯುತ್ತಿತ್ತು. ಎಚ್‌ಡಿಎಂಐ ಕೇಬಲ್ಲು ಚಿತ್ರವನ್ನೂ ಧ್ವನಿಯನ್ನೂ ಒಯ್ಯುತ್ತದೆ, ವಿಜಿಎ ಚಿತ್ರವನ್ನು ಮಾತ್ರ. ಹಾಗಾಗಿ ನಮ್ಮ ಸಭಾಂಗಣದಲ್ಲಿ ವಿಡಿಯೋ ತೋರಿಸಬೇಕೆಂದರೆ ಇಯರ್‌ಫೋನ್ ಚುಚ್ಚುವ ಜಾಗದಿಂದ ಇನ್ನೊಂದು ತಂತಿ ಎಳೆದು ಆಂಪ್ಲಿಫೈಯರಿಗೆ ಕೊಡಬೇಕು. ಆ ತಂತಿ ಮೈಕ್ ಸೆಟ್ಟಿನ ಡಬ್ಬಿಯಲ್ಲಿರುತ್ತದೆ, ಡಬ್ಬಿಯ ಬೀಗದ ಕೈ ದೈಹಿಕ ಶಿಕ್ಷಣದ ಸರ್ ಹತ್ತಿರ ಇರುತ್ತದೆ. ಇಂಥದ್ದು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ.

ಆದ್ದರಿಂದ ಸಂದೇಶದಲ್ಲಿ "ತಾಂತ್ರಿಕ ಪರೀಕ್ಷೆ ಇರುತ್ತದೆ" ಎಂದಷ್ಟೇ ಬರೆದರೆ ಸಾಲದು. ನಮ್ಮಲ್ಲಿ ಏನಿದೆ ಎಂದು ನಾವೇ ಮೊದಲು ಹೇಳಬೇಕು, ಅವರಲ್ಲಿ ಏನಿದೆ ಎಂದು ಕೇಳಬೇಕು. ಲ್ಯಾಪ್‌ಟಾಪ್ ನಿಮ್ಮದೇ ತರುತ್ತೀರಾ? ಅದರಲ್ಲಿ ಯಾವ ಕಿಂಡಿ ಇದೆ? ಧ್ವನಿ ಇರುವ ವಿಡಿಯೋ ಇದೆಯಾ? ಈ ಮೂರು ಪ್ರಶ್ನೆಗೆ ಉತ್ತರ ಬಂದರೆ ಮುಕ್ಕಾಲು ಪಾಲು ಪರೀಕ್ಷೆ ಮುಗಿದಂತೆ. ಕಿಂಡಿಯ ಹೆಸರು ಗೊತ್ತಿಲ್ಲದವರು ಲ್ಯಾಪ್‌ಟಾಪಿನ ಎರಡು ಪಕ್ಕದ ಫೋಟೋ ಕಳಿಸಿದರೂ ಸಾಕು ಎಂದು ಬರೆದಿದ್ದೆ. ಫೈಲನ್ನು ಹಿಂದಿನ ದಿನ ಸಂಜೆಯೊಳಗೆ ಇಮೇಲಿನಲ್ಲಿ ಕಳಿಸಿದರೆ ನಮ್ಮ ಕಂಪ್ಯೂಟರಿನಲ್ಲೂ ಒಂದು ಪ್ರತಿ ಸಿದ್ಧವಿರುತ್ತದೆ. ವಿಡಿಯೋವನ್ನು ವಾಟ್ಸಾಪಿನಲ್ಲಿ ಮಾಮೂಲಿ ವಿಡಿಯೋ ಕಳಿಸಿದಂತೆ ಕಳಿಸಿದರೆ ಅದು ಕುಗ್ಗಿ ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಬೇಕು, ಇಲ್ಲವೇ ಪೆನ್‌ಡ್ರೈವಿನಲ್ಲಿ ತರಬೇಕು.

ಪರೀಕ್ಷೆಯ ಹೊತ್ತನ್ನು ಹೇಗೆ ನಿಗದಿ ಮಾಡುವುದು? "ಅರ್ಧ ಗಂಟೆ ಮೊದಲು ಬನ್ನಿ" ಎಂಬುದು ಎಲ್ಲರ ಬಾಯಲ್ಲಿರುವ ಮಾತು. ಅದರಲ್ಲಿ ಲೆಕ್ಕವಿಲ್ಲ. ಪರೀಕ್ಷೆಗೆ ಮೂರು ಷರತ್ತು ಕೂಡಿಬರಬೇಕು: ಸಭಾಂಗಣ ಖಾಲಿ ಇರಬೇಕು, ಲ್ಯಾಬಿನ ಅಣ್ಣ ಅಲ್ಲಿರಬೇಕು, ಏನಾದರೂ ಕೆಟ್ಟಿದ್ದರೆ ಸರಿಮಾಡಲು ಹೊತ್ತು ಉಳಿದಿರಬೇಕು. ವಿದ್ಯಾರ್ಥಿಗಳು ಒಳಗೆ ಬರುವುದು 10:25ಕ್ಕೆ. ಅಣ್ಣನಿಗೆ ಮೊದಲ ಪಿರಿಯಡ್ ಲ್ಯಾಬ್ ಇರುತ್ತದೆ, 9:45ಕ್ಕೆ ಬಿಡುವು. ಆದ್ದರಿಂದ 9:50ರಿಂದ 10:10. ಆದರೆ ಮೂರನೆಯ ಷರತ್ತಿಗೆ ಇದೂ ಸಾಲುವುದಿಲ್ಲ, ಏಕೆಂದರೆ ನಮ್ಮ ಬೀದಿಯ ಮೊಬೈಲ್ ಅಂಗಡಿಗಳು ಬಾಗಿಲು ತೆಗೆಯುವುದೇ ಹತ್ತೂವರೆ ನಂತರ. ಬೆಳಿಗ್ಗೆ ಅಡಾಪ್ಟರ್ ಇಲ್ಲ ಎಂದು ಗೊತ್ತಾದರೆ ಕೊಳ್ಳಲು ಅಂಗಡಿಯೇ ಇರುವುದಿಲ್ಲ. ಅದಕ್ಕೇ ಕಿಂಡಿಯ ಪ್ರಶ್ನೆಯನ್ನು ಒಂದು ವಾರ ಮೊದಲೇ ಕೇಳಬೇಕಾದದ್ದು.

ಆ 20 ನಿಮಿಷದಲ್ಲಿ ಮಾಡುವ ಕೆಲಸ ಹೆಚ್ಚೇನಿಲ್ಲ. ಲ್ಯಾಪ್‌ಟಾಪ್ ಕೂಡಿಸಿ, ಪರದೆಯಲ್ಲಿ ಏನೂ ಬರದಿದ್ದರೆ Windows + P ಒತ್ತಿ Duplicate ಆರಿಸುವುದು. ಎಲ್ಲಕ್ಕಿಂತ ಸಣ್ಣ ಅಕ್ಷರವಿರುವ ಸ್ಲೈಡನ್ನು ತೆರೆದು ನಮ್ಮಲ್ಲೊಬ್ಬರು ಕೊನೆಯ ಬೆಂಚಿನಲ್ಲಿ ಕೂತು ಓದುವುದು. ಪರದೆಯ ಮೇಲಿನ ಟ್ಯೂಬ್‌ಲೈಟ್ ಆರಿಸಿದರೆ ಎಷ್ಟು ಸ್ಪಷ್ಟವಾಗುತ್ತದೆ ನೋಡುವುದು. ವಿಡಿಯೋದ ಹತ್ತು ಸೆಕೆಂಡು ಧ್ವನಿ ಸಮೇತ ಓಡಿಸುವುದು. ಅತಿಥಿಯೇ ಮೈಕಿನಲ್ಲಿ ಎರಡು ವಾಕ್ಯ ಮಾತಾಡುವುದು. ನಾವು "ಹಲೋ ಹಲೋ" ಎಂದು ಪರೀಕ್ಷಿಸಿದ ಮೈಕು ಅವರ ಮೆಲುದನಿಗೆ ಸಾಲದೆ ಹೋಗಬಹುದು. ಮೊದಲ ಸ್ಲೈಡು ಚೆನ್ನಾಗಿ ಬಂದ ಕೂಡಲೇ "ಓಕೆ" ಎಂದು ಎದ್ದುಬಿಡುವುದೇ ಹೆಚ್ಚಿನವರು ಮಾಡುವ ತಪ್ಪು. ಮೊದಲ ಸ್ಲೈಡಿನಲ್ಲಿ ದೊಡ್ಡ ಅಕ್ಷರದ ಹೆಸರು ಬಿಟ್ಟು ಏನೂ ಇರುವುದಿಲ್ಲ, ಅದು ಎಲ್ಲಿಯೂ ಚೆನ್ನಾಗಿಯೇ ಕಾಣುತ್ತದೆ.

ಇನ್ನು ಬರುವ ವ್ಯವಸ್ಥೆ. ಇದನ್ನು ಹೇಗೆ ಲೆಕ್ಕ ಹಾಕಬೇಕೆಂದು ಕಲಿಸಿದ್ದು ನಮ್ಮ ಅಬ್ಬಾ. ಅವರದು ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಕೆಲಸ. ಮದುವೆ ಮನೆಯವರು ಬಂದರೆ ಅಬ್ಬಾ ಮೊದಲು ಕೇಳುವುದು "ಖಾನಾ ಕಿತ್ನೇ ಬಜೇ?" ಎಂದು. ಊಟ ಎಷ್ಟು ಗಂಟೆಗೆ ಎಂದು ಗೊತ್ತಾದರೆ ಅಲ್ಲಿಂದ ಹಿಂದಕ್ಕೆ ಹೋಗುತ್ತಾರೆ: ಟೇಬಲ್ ಯಾವಾಗ ಹಾಕಬೇಕು, ಶಾಮಿಯಾನ ಯಾವಾಗ ಏಳಬೇಕು, ಟೆಂಪೋ ಯಾವಾಗ ಹೊರಡಬೇಕು. ಮುಂದಕ್ಕೆ ಲೆಕ್ಕ ಹಾಕಿದರೆ ಯಾವಾಗಲೂ ಸಮಯ ಉಳಿಯುತ್ತದೆ ಎನಿಸುತ್ತದೆ, ಹಿಂದಕ್ಕೆ ಹಾಕಿದರೆ ನಿಜ ಗೊತ್ತಾಗುತ್ತದೆ ಎಂಬುದು ಅವರ ಮಾತು.

ಹಾಗೇ ಮಾಡಿದೆ. ಮೈಕು 11:00. ಪರೀಕ್ಷೆ 9:50. ಅದಕ್ಕೆ ಮೊದಲು ಕೈಕಾಲು ತೊಳೆದು ಚಹಾ ಕುಡಿಯಲು 20 ನಿಮಿಷ, ಅಂದರೆ ಕಾಲೇಜಿನ ಗೇಟಿಗೆ 9:30. ಕೆಎಸ್‌ಆರ್‌ಟಿಸಿ ನಿಲ್ದಾಣದಿಂದ ಕಾಲೇಜಿಗೆ ಬೆಳಗಿನ ಹೊತ್ತು ಕಾರಿನಲ್ಲಿ 15 ನಿಮಿಷ, ಅಂದರೆ ತುಮಕೂರಿನ ನಿಲ್ದಾಣಕ್ಕೆ 9:15. ಬೆಂಗಳೂರಿನಿಂದ ತುಮಕೂರಿಗೆ ಸುಮಾರು 70 ಕಿಲೋಮೀಟರ್. ರಸ್ತೆ ಖಾಲಿಯಿದ್ದರೆ ಬಸ್ಸು ಒಂದೂವರೆ ಗಂಟೆಯಲ್ಲಿ ಬಂದುಬಿಡುತ್ತದೆ. ಆದರೆ ಬೆಳಿಗ್ಗೆ ಗೊರಗುಂಟೆಪಾಳ್ಯ, ಪೀಣ್ಯ, ನೆಲಮಂಗಲ ದಾಟುವುದು ಯಾರ ಕೈಯಲ್ಲೂ ಇಲ್ಲ. ಅದಕ್ಕೆ ಮುಕ್ಕಾಲು ಗಂಟೆ ಹೆಚ್ಚಿಗೆ ಇಟ್ಟು, ಮೆಜೆಸ್ಟಿಕ್ಕಿನಿಂದ 7:00ಕ್ಕೆ ಹೊರಟರೆ ಸರಿಯಾಗುತ್ತದೆ ಎಂದು ಬರೆದೆ. ಏಳಕ್ಕೆ ಹೊರಡಿ ಎಂದು ಹೇಳಲು ಮುಜುಗರವಾಯಿತು. ಆದರೆ ಹೇಳದೆ ಬಿಟ್ಟರೆ ಅವರೇ ಎಂಟಕ್ಕೆ ಹೊರಟು ದಾರಿಯುದ್ದಕ್ಕೂ ಗಡಿಯಾರ ನೋಡುತ್ತಾ ಬರಬೇಕಾಗುತ್ತದೆ.

ನಿಲ್ದಾಣದಲ್ಲಿ ಯಾರು ಕಾಯುತ್ತಾರೆ, ಅವರನ್ನು ಗುರುತಿಸುವುದು ಹೇಗೆ, ಅವರ ನಂಬರ್ ಯಾವುದು, ಇದಿಷ್ಟೂ ಸಂದೇಶದಲ್ಲಿರಬೇಕು. "ನಮ್ಮ ಹುಡುಗರು ಬರುತ್ತಾರೆ" ಎಂದರೆ ಯಾರೂ ಬರುವುದಿಲ್ಲ, ಪ್ರತಿಯೊಬ್ಬರೂ ಇನ್ನೊಬ್ಬರು ಹೋಗಿದ್ದಾರೆ ಎಂದುಕೊಂಡಿರುತ್ತಾರೆ. ಗೇಟಿನ ವಿಷಯವೂ ಮುಖ್ಯ. ಮೊಬೈಲ್ ನಕ್ಷೆಯಲ್ಲಿ ನಮ್ಮ ಕಾಲೇಜಿನ ಗುರುತು ತೋರಿಸುವುದು ಹಿಂದಿನ ಗೇಟನ್ನು, ಅದು ಹೈಸ್ಕೂಲಿನದು, ಒಂಬತ್ತಕ್ಕೆ ಬೀಗ ಬೀಳುತ್ತದೆ. ಮೊದಲ ಸಲ ಬಂದ ಸರ್ ಅಲ್ಲೇ ಹತ್ತು ನಿಮಿಷ ನಿಂತಿದ್ದರು. ಈ ಸಲ ಮುಂದಿನ ಗೇಟಿನ ಫೋಟೋವನ್ನೇ ಸಂದೇಶದ ಜೊತೆ ಕಳಿಸಿದೆ.

ಪ್ರಯಾಣದ ಖರ್ಚಿನ ಬಗ್ಗೆ ಬರೆಯಲು ನಮ್ಮವರು ನಾಚುತ್ತಾರೆ. ಅತಿಥಿ ಕೇಳಲು ನಾಚುತ್ತಾರೆ. ಹೀಗೆ ಇಬ್ಬರೂ ನಾಚಿದರೆ ಅವರ ಜೇಬಿನಿಂದಲೇ ಹೋಗುತ್ತದೆ. ಎಷ್ಟು, ಯಾವಾಗ, ಹೇಗೆ ಕೊಡುತ್ತೇವೆ ಎಂದು ಒಂದು ಸಾಲು ಸಾಕು. ಊಟದ್ದೂ ಹಾಗೆಯೇ. ನಮ್ಮಲ್ಲಿ ಅತಿಥಿ ಎಂದರೆ ಬಿರಿಯಾನಿ ಎಂದು ಯಾರೂ ಹೇಳದೆಯೇ ತೀರ್ಮಾನವಾಗಿಬಿಡುತ್ತದೆ. ಅವರು ಸಸ್ಯಾಹಾರಿಯೇ, ಸಕ್ಕರೆ ಇಲ್ಲದ ಚಹಾ ಬೇಕೇ ಎಂದು ಮೊದಲೇ ಕೇಳಿದರೆ ಇಬ್ಬರಿಗೂ ಇಕ್ಕಟ್ಟು ತಪ್ಪುತ್ತದೆ.

ಕೊನೆಗೆ ಕಳಿಸಿದ ಸಂದೇಶ ಹೀಗಿತ್ತು. ಹೆಸರು, ನಂಬರ್ ಮಾತ್ರ ತೆಗೆದಿದ್ದೇನೆ.

"ಮಾನ್ಯ ಮೇಡಂ ಅವರಿಗೆ ನಮಸ್ಕಾರ. ನಮ್ಮ ವಾಣಿಜ್ಯ ಸಂಘದಲ್ಲಿ ಸಣ್ಣ ಅಂಗಡಿಯ ಲೆಕ್ಕಪತ್ರದ ಬಗ್ಗೆ ಮಾತನಾಡಲು ಒಪ್ಪಿದ್ದಕ್ಕೆ ಧನ್ಯವಾದಗಳು. ವಿವರಗಳನ್ನು ಖಚಿತಪಡಿಸುತ್ತಿದ್ದೇವೆ.

ದಿನ: 20 ನವೆಂಬರ್ 2025, ಗುರುವಾರ. ಕಾರ್ಯಕ್ರಮ ಬೆಳಿಗ್ಗೆ 10:40ಕ್ಕೆ ಆರಂಭ. ಪ್ರಾರ್ಥನೆ, ನಾಡಗೀತೆ, ಸ್ವಾಗತ, ಪರಿಚಯದ ನಂತರ ತಮ್ಮ ಮಾತು ಸರಿಯಾಗಿ 11:00ಕ್ಕೆ. ಉಪನ್ಯಾಸ 40 ನಿಮಿಷ, ಪ್ರಶ್ನೋತ್ತರ 15 ನಿಮಿಷ, 11:55ಕ್ಕೆ ಮುಕ್ತಾಯ. 12:10ಕ್ಕೆ ಸಭಾಂಗಣವನ್ನು ಬಿಟ್ಟುಕೊಡಬೇಕಾಗಿರುವುದರಿಂದ ಹತ್ತು ನಿಮಿಷ ಉಳಿದಾಗ ಮೊದಲ ಸಾಲಿನಿಂದ ಹಳದಿ ಕಾಗದ ತೋರಿಸುತ್ತೇವೆ. ಕೇಳುಗರು ಪ್ರಥಮ ಮತ್ತು ದ್ವಿತೀಯ ಪಿಯು ವಾಣಿಜ್ಯದ ಸುಮಾರು 140 ವಿದ್ಯಾರ್ಥಿಗಳು.

ತಾಂತ್ರಿಕ ಪರೀಕ್ಷೆ 9:50ರಿಂದ 10:10, ಅದೇ ಸಭಾಂಗಣದಲ್ಲಿ. ನಮ್ಮಲ್ಲಿ ವಿಜಿಎ ಕೇಬಲ್ಲಿನ ಪ್ರೊಜೆಕ್ಟರ್, ಕೈಮೈಕು, ಯುಪಿಎಸ್ ಇವೆ. ಸ್ಲೈಡುಗಳನ್ನೂ ಅವುಗಳ ಪಿಡಿಎಫ್ ಪ್ರತಿಯನ್ನೂ 19ರ ಸಂಜೆ 5ರೊಳಗೆ ಕಳಿಸಿದರೆ ಉಪಕಾರವಾಗುತ್ತದೆ.

ಮೆಜೆಸ್ಟಿಕ್ಕಿನಿಂದ 7:00ಕ್ಕೆ ಹೊರಟರೆ 9:15ರ ಹೊತ್ತಿಗೆ ತುಮಕೂರು ತಲುಪಬಹುದು. ಕೆಎಸ್‌ಆರ್‌ಟಿಸಿ ನಿಲ್ದಾಣದ ವಿಚಾರಣೆ ಕೌಂಟರಿನ ಬಳಿ ನಮ್ಮ ಉಪನ್ಯಾಸಕಿ ಮತ್ತು ನಾನು ಕಾಲೇಜಿನ ಗುರುತಿನ ಚೀಟಿ ಹಾಕಿಕೊಂಡು ಕಾಯುತ್ತೇವೆ. ಬಸ್ಸು ತಡವಾದರೆ ನನಗೆ ಕರೆ ಮಾಡಿ, ಚಿಂತೆ ಬೇಡ, ಅರ್ಧ ಗಂಟೆಯವರೆಗೆ ಹೊಂದಿಸಿಕೊಳ್ಳಲು ಜಾಗವಿಟ್ಟಿದ್ದೇವೆ. ಪ್ರಯಾಣ ವೆಚ್ಚವನ್ನು ಅಂದೇ ಊಟದ ನಂತರ ಯುಪಿಐ ಮೂಲಕ ಕೊಡುತ್ತೇವೆ. 1:15ಕ್ಕೆ ನಿಲ್ದಾಣಕ್ಕೆ ಬಿಡುತ್ತೇವೆ.

ದಯವಿಟ್ಟು ಈ ನಾಲ್ಕಕ್ಕೆ ಉತ್ತರಿಸಿ: 11:00 ಮತ್ತು 40+15 ನಿಮಿಷ ತಮಗೆ ಒಪ್ಪಿಗೆಯೇ? ಲ್ಯಾಪ್‌ಟಾಪಿನಲ್ಲಿ ಯಾವ ಕಿಂಡಿ ಇದೆ? ಧ್ವನಿಯಿರುವ ವಿಡಿಯೋ ಇದೆಯೇ? ಊಟ ಸಸ್ಯಾಹಾರವೇ?"

ಕೊನೆಯ ಆ ನಾಲ್ಕು ಪ್ರಶ್ನೆಗಳು ಬಹಳ ಮುಖ್ಯ. ಹೆಬ್ಬೆರಳಿನ ಚಿತ್ರವೋ "ಓಕೆ"ಯೋ ಬಂದರೆ ಅವರು ಓದಿದ್ದಾರೆ ಎಂದು ತಿಳಿಯುವಂತಿಲ್ಲ. ಬಸ್ಸಿನಲ್ಲಿ ನಿಂತು ಅರ್ಧ ಓದಿಯೂ ಓಕೆ ಒತ್ತಬಹುದು, ನಾವೆಲ್ಲರೂ ಒತ್ತುತ್ತೇವೆ. ಪ್ರಶ್ನೆಗೆ ಉತ್ತರ ಬರೆಯಬೇಕಾದರೆ ಓದಲೇಬೇಕು. ಮೇಡಂ ಮರುದಿನ ಉತ್ತರಿಸಿದರು: ಸಸ್ಯಾಹಾರ. ವಿಡಿಯೋ ಇಲ್ಲ. ಲ್ಯಾಪ್‌ಟಾಪಿನಲ್ಲಿ ಟೈಪ್-ಸಿ ಕಿಂಡಿ ಮಾತ್ರ. 40+15ರ ಬದಲು 35+20 ಆಗಬಹುದೇ, ವಿದ್ಯಾರ್ಥಿಗಳ ಪ್ರಶ್ನೆಯಿಂದಲೇ ಹೆಚ್ಚು ಹೇಳಲು ಇಷ್ಟ. ಜೊತೆಗೆ ನಾನು ಕೇಳದ ಒಂದು ವಿಷಯವನ್ನೂ ಬರೆದಿದ್ದರು. ಅವರಿಗೆ ಮಂಡಿ ನೋವು, ವೇದಿಕೆಯ ಮೇಲೆ ಒಂದು ಕುರ್ಚಿ ಬೇಕು. ಮುಂದಿನ ಸಂದೇಶದಲ್ಲಿ "ವೇದಿಕೆಗೆ ಐದು ಮೆಟ್ಟಿಲುಗಳಿವೆ, ತಮಗೆ ಬೇರೇನಾದರೂ ಬೇಕೇ" ಎಂಬ ಐದನೆಯ ಪ್ರಶ್ನೆ ಸೇರುತ್ತದೆ.

ಟೈಪ್-ಸಿ ಬಗ್ಗೆ ಲ್ಯಾಬಿನ ಅಣ್ಣ ಎಚ್ಚರಿಸಿದರು. ನೋಡಲು ಎಲ್ಲ ಒಂದೇ ಆಕಾರದಲ್ಲಿದ್ದರೂ ಎಲ್ಲ ಟೈಪ್-ಸಿ ಕಿಂಡಿಯಿಂದಲೂ ಚಿತ್ರ ಹೊರಬರುವುದಿಲ್ಲ, ಕೆಲವು ಚಾರ್ಜಿಗೆ ಮತ್ತು ಫೈಲು ಸಾಗಿಸಲು ಮಾತ್ರ. ಈ ಹಿಂದೆ ಬೇರೆ ಕಡೆ ಪ್ರೊಜೆಕ್ಟರಿಗೆ ಹಾಕಿದ್ದೀರಾ ಎಂದು ಕೇಳಿದೆವು. ಹಾಕಿದ್ದರು. ಟೈಪ್-ಸಿಯಿಂದ ವಿಜಿಎಗೆ ಹೋಗುವ ಅಡಾಪ್ಟರನ್ನು ಸಂಘದ ಹಣದಲ್ಲಿ ತಂದು, ಒಬ್ಬ ಉಪನ್ಯಾಸಕರ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿ ಇಟ್ಟೆವು.

ಸಮಯ 35+20 ಎಂದು ಬದಲಾದದ್ದನ್ನು ಅದೇ ಸಂದೇಶಕ್ಕೆ ಉತ್ತರವಾಗಿ ಕಳಿಸಿದೆ, "ಮೇಲಿನ 40+15 ಬದಲಾಗಿದೆ, ಇನ್ನು ಮುಂದೆ ಇದು" ಎಂದು ಸ್ಪಷ್ಟವಾಗಿ ಬರೆದು. ಬೇರೆ ಹೊಸ ಸಂದೇಶ ಕಳಿಸಿದ್ದರೆ ಎರಡು ಸಮಯ ಎರಡು ಕಡೆ ಉಳಿದು, ಯಾವುದು ಕೊನೆಯದು ಎಂದು ಹುಡುಕಬೇಕಾಗುತ್ತಿತ್ತು. ಹಿಂದಿನ ದಿನ ಸಂಜೆ ಕಳಿಸಿದ್ದು ಮೂರೇ ಸಾಲು: ಬಸ್ಸಿನ ಹೊತ್ತು, ಕಾಯುವ ಜಾಗ, ನನ್ನ ನಂಬರ್. ಆ ಹೊತ್ತಿನಲ್ಲಿ ಯಾರೂ ಉದ್ದದ್ದನ್ನು ಓದುವುದಿಲ್ಲ.

20ರಂದು ಬಸ್ಸು ನೆಲಮಂಗಲದ ಬಳಿ ಸಿಕ್ಕಿಕೊಂಡು ಮೇಡಂ ನಿಲ್ದಾಣಕ್ಕೆ ಬಂದದ್ದು 9:40ಕ್ಕೆ. ಇಪ್ಪತ್ತೈದು ನಿಮಿಷ ತಡ. 9:55ಕ್ಕೆ ಕಾಲೇಜು. ಚಹಾವನ್ನು ಸಭಾಂಗಣಕ್ಕೇ ತರಿಸಿ, ಕುಡಿಯುತ್ತಲೇ ಪರೀಕ್ಷೆ ನಡೆಯಿತು. ಅಡಾಪ್ಟರ್ ಕೆಲಸ ಮಾಡಿತು. ಆದರೆ ಕೊನೆಯ ಬೆಂಚಿನಿಂದ ನೋಡಿದಾಗ ಹನ್ನೆರಡನೆಯ ಸ್ಲೈಡಿನ ರೋಜುಪುಸ್ತಕದ ಅಂಕಿಗಳು ಕಾಣಲಿಲ್ಲ. ಮೇಡಂ ಅಲ್ಲೇ ಕೂತು ಅದನ್ನು ಎರಡು ಸ್ಲೈಡು ಮಾಡಿದರು, ನಾಲ್ಕು ನಿಮಿಷ ಹಿಡಿಯಿತು. 10:12ಕ್ಕೆ ಎಲ್ಲ ಸಿದ್ಧ.

ಮೈಕು ಅವರ ಕೈಗೆ ಹೋದದ್ದು 11:02ಕ್ಕೆ. ಆ ಹನ್ನೆರಡನೆಯ ಸ್ಲೈಡಿನಲ್ಲಿದ್ದದ್ದು ಒಂದು ಕಿರಾಣಿ ಅಂಗಡಿಯ ಲೆಕ್ಕ, 540 ರೂಪಾಯಿಯ ವ್ಯತ್ಯಾಸ. ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಿ, ಶೇಷವಿಲ್ಲದೆ ಹೋದರೆ ಯಾರೋ ಎರಡು ಅಂಕಿಗಳನ್ನು ಅದಲುಬದಲು ಬರೆದಿರಬಹುದು ಎಂದರು ಮೇಡಂ. ಪ್ರಥಮ ಪಿಯುದ ಒಬ್ಬ ಹುಡುಗಿ ಎದ್ದು 820ನ್ನು 280 ಎಂದು ಬರೆದಿದ್ದಾರೆ ಎಂದು ಹೇಳಿಬಿಟ್ಟಳು. ಪ್ರಶ್ನೋತ್ತರದ 20 ನಿಮಿಷವೂ ತುಂಬಿತು. ಹಳದಿ ಕಾಗದ ಹಿಡಿದು ಕೂತಿದ್ದ ನನ್ನ ಗೆಳೆಯ ಕೇಳುತ್ತಾ ಮೈಮರೆತು ಅದನ್ನು ಎರಡು ನಿಮಿಷ ತಡವಾಗಿ ಎತ್ತಿದ.

ಸಂದೇಶದ ಒಂದು ಪ್ರತಿಯನ್ನು ಈ ಸಲ ಗೇಟಿನ ಚಾಚಾ, ಕ್ಯಾಂಟೀನಿನವರು, ಲ್ಯಾಬಿನ ಅಣ್ಣ, ಪಿಇಟಿ ಸರ್ ನಾಲ್ವರಿಗೂ ಕೊಟ್ಟಿದ್ದೆ. ಚಾಚಾ ಅದನ್ನು ಇನ್ನೂ ಗೇಟಿನ ಪೆಟ್ಟಿಗೆಗೆ ಅಂಟಿಸಿಟ್ಟಿದ್ದಾರೆ. ಮುಂದಿನ ಅತಿಥಿಗೆ ಕಳಿಸುವಾಗ ಅದನ್ನು ತೆಗೆದು ಹೊಸದನ್ನು ಅಂಟಿಸಲು ನೆನಪಿಡಬೇಕು.